ಯೂಸರ್ ಇಂಟರ್ವ್ಯೂ ರೆಕಾರ್ಡಿಂಗಿಂದ ತೊಂದ್ರೆ ಮತ್ತೆ ಮಾತು ಹೆಕ್ಕೋದು: ಕೇಳ್ತಾ ಬರ್ಕೊಳ್ಳೋದಾ, ಪೂರ್ತಿ ಟೈಪ್ ಮಾಡ್ಸೋದಾ, ಮಷೀನಿಗೆ ಬಿಡೋದಾ?

ನಮ್ಮ ಟೀಮ್ ಮಾಡ್ತಿದ್ದಿದ್ದು ದಿನಸಿ ಅಂಗಡಿಯವ್ರು ಸಾಲದ ಲೆಕ್ಕ ಇಡೋ ಒಂದು ಆಪ್. ಪುಸ್ತಕದಲ್ಲಿ ಬರೀತಿದ್ದಿದ್ದನ್ನ ಫೋನಲ್ಲಿ ಹಾಕೋದು, ಅಷ್ಟೇ. ಯಶವಂತಪುರ, ಶ್ರೀರಾಂಪುರ, ಹನುಮಂತನಗರ, ಕತ್ರಿಗುಪ್ಪೆ ಕಡೆ ಒಟ್ಟು 8 ಅಂಗಡಿಯವ್ರ ಹತ್ರ ಅವ್ರ ಗಲ್ಲಾಪೆಟ್ಟಿಗೆ ಪಕ್ಕದಲ್ಲೇ ನಿಂತ್ಕೊಂಡು ಮಾತಾಡಿದ್ವಿ, ಒಬ್ಬೊಬ್ರದ್ದೂ ಹತ್ರ ಹತ್ರ 48 ನಿಮಿಷ, ಎಲ್ಲಾ ಸೇರಿ ಆರೂವರೆ ಗಂಟೆ ಆಡಿಯೋ. ವಾಪಸ್ ಆಫೀಸಿಗೆ ಬಂದ್ಮೇಲೆ ಎದ್ದ ಪ್ರಶ್ನೆನೇ ಈ ಬರಹದ್ದು: ಇಷ್ಟು ಮಾತಿಂದ ನಿಜವಾದ ತೊಂದ್ರೆಗಳನ್ನ, ಜೊತೆಗೆ ಅವ್ರೇ ಹೇಳಿದ ಮಾತುಗಳನ್ನ, ಡಿಸೈನ್ ಟೀಮಿಗೆ ಹೇಗೆ ತೆಗ್ದು ಕೊಡೋದು? ಮೂರು ದಾರಿ ಇತ್ತು, ಮೂರನ್ನೂ ಬೇರೆ ಬೇರೆ ಸಲ ಮಾಡಿದೀನಿ, ಎಲ್ಲಿ ಯಾವ್ದು ಕೈ ಕೊಡತ್ತೆ ಅನ್ನೋದನ್ನ ಹೇಳ್ತೀನಿ. ಇಂಟರ್ವ್ಯೂ ಕನ್ನಡದಲ್ಲಿ ಇದೆ, ಅದೂ ಬೆಂಗಳೂರಿನ ಬೆರಕೆ ಕನ್ನಡ, ಅನ್ನೋದನ್ನ ಲೆಕ್ಕಕ್ಕೆ ತಗೊಂಡೇ ಹೇಳ್ತಿರೋದು, ಯಾಕಂದ್ರೆ ಇಂಗ್ಲಿಷ್ ಇಂಟರ್ವ್ಯೂಗೆ ಸರಿ ಇರೋ ದಾರಿ ಇಲ್ಲಿ ಸರಿ ಇರಲ್ಲ.

ದಾರಿ ಆರ್ಸೋಕೆ ಮುಂಚೆ ಏನು ಹೆಕ್ಬೇಕು ಅನ್ನೋದು ಗೊತ್ತಿರ್ಬೇಕು. ತೊಂದ್ರೆ, ಡಿಸೈನಿನವ್ರ ಮಾತಲ್ಲಿ ಪೇನ್ ಪಾಯಿಂಟ್, ಅಂದ್ರೆ ಬೈಗುಳ ಅಲ್ಲ, ಬೇಡಿಕೆನೂ ಅಲ್ಲ. "ವಾಯ್ಸಲ್ಲಿ ಹೇಳಿದ್ರೆ ಎಂಟ್ರಿ ಆಗೋ ಥರ ಮಾಡಿ" ಅಂತ ಒಬ್ರು ಅಂದ್ರೆ ಅದು ಅವರಿಗೆ ಹೊಳೆದ ಪರಿಹಾರ, ತೊಂದ್ರೆ ಅದರ ಹಿಂದೆ ಎಲ್ಲೋ ಇದೆ. ನಾನು ಹುಡ್ಕೋದು ಇಷ್ಟು: ಅವ್ರು ಆ ಹೊತ್ತಲ್ಲಿ ಏನು ಮಾಡಕ್ಕೆ ಹೊರಟಿದ್ರು, ಯಾವುದು ಅಡ್ಡ ಬಂತು, ಬಂದಾಗ ಅದರ ಬದಲು ಏನು ಮಾಡಿದ್ರು. ಮೂರನೇದು ಬಹಳ ಮುಖ್ಯ, ಯಾಕಂದ್ರೆ ನಮ್ಮ ಜನ ತೊಂದ್ರೆನ ತೊಂದ್ರೆ ಅಂತ ಹೇಳೋದೇ ಕಮ್ಮಿ. ಮನೆ ಬಾಗ್ಲಿಗೆ ಬಂದು ಕೇಳ್ತಿರೋರಿಗೆ "ನಿಮ್ ಆಪ್ ಚೆನ್ನಾಗಿಲ್ಲ" ಅನ್ನೋಕೆ ಸಂಕೋಚ, ಹಾಗಾಗಿ "ಪರ್ವಾಗಿಲ್ಲ", "ಹೆಂಗೋ ಅಡ್ಜಸ್ಟ್ ಮಾಡ್ಕೋತೀವಿ" ಅಂದ್ಬಿಡ್ತಾರೆ. ರೆಕಾರ್ಡಿಂಗಲ್ಲಿ ಈ "ಅಡ್ಜಸ್ಟ್" ಅನ್ನೋ ಪದ ಕೇಳ್ಸಿದ ಕೂಡ್ಲೇ ಪಾಸ್ ಒತ್ತಿ, ಅದರ ಹಿಂದೆ ಮುಂದೆ ಎರಡು ನಿಮಿಷ ಮತ್ತೆ ಕೇಳಿ. ಅಲ್ಲೇ ಏನೋ ಇರತ್ತೆ.

ಮೊದಲನೇ ದಾರಿ, ಕೇಳ್ತಾ ಕೇಳ್ತಾ ಬೇಕಾದ್ದನ್ನಷ್ಟೇ ಬರ್ಕೊಳ್ಳೋದು. ಪೂರ್ತಿ ಟೈಪ್ ಮಾಡಲ್ಲ. ಇಯರ್‌ಫೋನ್ ಹಾಕ್ಕೊಂಡು, ಒಂದು ಕಡೆ ಆಡಿಯೋ ಒಂದು ಕಡೆ ಸ್ಪ್ರೆಡ್‌ಶೀಟ್ ಇಟ್ಕೊಂಡು, ಏನಾದ್ರೂ ಸಿಕ್ಕಾಗ ನಿಲ್ಸಿ, ಆಡಿಯೋದಲ್ಲಿ ಎಷ್ಟನೇ ನಿಮಿಷ ಅನ್ನೋ ಹೊತ್ತು ಬರ್ದು ಅವ್ರ ಮಾತನ್ನ ಇದ್ದ ಹಾಗೆ ಹಾಕೋದು. 48 ನಿಮಿಷದ್ದಕ್ಕೆ ನನಗೆ ಒಂದೂವರೆ ಗಂಟೆ ಹಿಡಿಯತ್ತೆ, ಅಂದ್ರೆ 8 ಇಂಟರ್ವ್ಯೂಗೆ 12 ಗಂಟೆ, ಎರಡು ದಿನದ ಕೆಲಸ. ಓಟ್ರಾನ್ಸ್‌ಕ್ರೈಬ್ ಅಂತ ಬ್ರೌಸರಲ್ಲೇ ಓಡೋ ಫ್ರೀ ಟೂಲ್ ಇದೆ, ಅದರಲ್ಲಿ `Esc` ಒತ್ತಿದ್ರೆ ಆಡಿಯೋ ನಿಲ್ಲತ್ತೆ, `Ctrl+J` ಒತ್ತಿದ್ರೆ ಆ ಕ್ಷಣದ ಹೊತ್ತು ತಾನಾಗೇ ಬಂದು ಕೂರತ್ತೆ, ಕೈ ಮೌಸಿಗೆ ಹೋಗೋ ಹಾಗಿಲ್ಲ, ಅದೊಂದರಿಂದಲೇ ಎಷ್ಟೋ ಹೊತ್ತು ಉಳಿಯತ್ತೆ. ಈ ದಾರೀಲಿ ದನಿ ಕಿವಿಗೆ ಬೀಳತ್ತೆ, ತಡವರಿಸಿದ್ದು, ನಿಟ್ಟುಸಿರು, ಪುಸ್ತಕದ ಹಾಳೆ ತಿರುಗಿಸಿದ ಸದ್ದು ಎಲ್ಲಾ. ಕೊರತೆ ಏನಂದ್ರೆ ಮೊದಲ ಎರಡು ಇಂಟರ್ವ್ಯೂ ಕೇಳ್ವಾಗ ಯಾವುದು ಮುಖ್ಯ ಅಂತ ನಮಗೇ ಗೊತ್ತಿರಲ್ಲ. ಆರನೇ ಅಂಗಡಿಯವ್ರು ಹೇಳಿದ್ಮೇಲೆ "ಅರೆ, ಇದನ್ನೇ ಎರಡನೇಯವ್ರೂ ಏನೋ ಅಂದಿದ್ರಲ್ಲ" ಅಂತ ನೆನಪಾಗತ್ತೆ, ಬರ್ಕೊಂಡಿರಲ್ಲ, ಹುಡ್ಕೋಕೆ ಟೆಕ್ಸ್ಟ್ ಇಲ್ಲ. ಅದಕ್ಕೆ ಕೊನೇದು ಮುಗ್ದ ಮೇಲೆ ಮೊದಲ ಎರಡನ್ನ ಇನ್ನೊಂದು ಸಲ ಕೇಳೋಕೆ ಅಂತಲೇ ಮೂರು ಗಂಟೆ ಎತ್ತಿಟ್ಟಿರಿ.

ಎರಡನೇದು, ಮನುಷ್ಯರ ಕೈಲಿ ಪೂರ್ತಿ ಟೈಪ್ ಮಾಡ್ಸೋದು. ಒಂದು ಗಂಟೆ ಆಡಿಯೋಗೆ ಪಳಗಿದವರಿಗೂ 4ರಿಂದ 6 ಗಂಟೆ ಬೇಕು, ಅಂಗಡಿ ಮುಂದೆ ಆಟೋ ಸದ್ದು, ಗಿರಾಕಿ ಮಾತು, ಮಿಕ್ಸಿ ಸದ್ದು ಇದ್ರೆ ಇನ್ನೂ ಜಾಸ್ತಿ. ಹೊರಗಿನವರಿಗೆ ಕೊಟ್ರೆ ಅವ್ರು ಮಾತನ್ನ ಗ್ರಾಂಥಿಕ ಕನ್ನಡಕ್ಕೆ ತಿರುಗಿಸಿ ಕೊಡೋದು ಉಂಟು, "ಬರ್ಕೋತೀನಿ" ಅನ್ನೋದು "ಬರೆದುಕೊಳ್ಳುತ್ತೇನೆ" ಆಗಿ ಬರತ್ತೆ, ಅದನ್ನ ಅವ್ರದ್ದೇ ಮಾತು, ಅಂದ್ರೆ ಕೋಟ್, ಅಂತ ಹಾಕಿದ್ರೆ ಅಂಗಡಿಯವ್ರ ಬಾಯಿಂದ ಪಾಠ ಓದಿಸಿದ ಹಾಗಿರತ್ತೆ. ಕೊಡೋಕೆ ಮುಂಚೆನೇ ಹೇಳ್ಬೇಕು: ಮಾತು ಹೇಗಿದ್ಯೋ ಹಾಗೇ ಬರೀರಿ, "ಆಮೇಲೆ ಆಮೇಲೆ" ಥರದ ತಡವರಿಕೆ ಬೇಕಾದ್ರೆ ಕೈಬಿಡಿ, ಕ್ರಿಯಾಪದ ಮಾತ್ರ ಮುಟ್ಬೇಡಿ, ಪ್ರತಿ ಉತ್ತರಕ್ಕೂ ಹೊತ್ತು ಹಾಕಿ. ಇಂಟರ್ವ್ಯೂ ಕಮ್ಮಿ ಇದ್ದು, ಅದನ್ನ ಮುಂದಿನ ವರ್ಷನೂ ಬೇರೆ ಟೀಮ್‌ನವ್ರು ಹುಡ್ಕೋದಿದೆ ಅಂದ್ರೆ ಮಾತ್ರ ಇದಕ್ಕೆ ದುಡ್ಡು ಹಾಕಿ. ಒಂದು ಸ್ಕ್ರೀನ್ ಬದಲಾಯಿಸೋ ತೀರ್ಮಾನಕ್ಕೆ ಇದು ಬೇಡ.

ಮೂರನೇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಈಗ ಎಲ್ರೂ ಮೊದ್ಲು ಕೈ ಹಾಕೋದು ಇದಕ್ಕೇ. ಮಷೀನ್ ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಆಡಿಯೋ ಕೇಳಿ ಸಾಫ್ಟ್‌ವೇರೇ ಟೈಪ್ ಮಾಡಿ ಕೊಡೋದು. ಓಪನ್‌ಎಐನವ್ರ ವಿಸ್ಪರ್ ಅನ್ನೋ ಮಾಡೆಲ್ 2022ರ ಸೆಪ್ಟೆಂಬರಲ್ಲಿ ಓಪನ್ ಸೋರ್ಸ್ ಆಗಿ ಬಂತು, ಕನ್ನಡನೂ ಅದರಲ್ಲಿದೆ, ಐಐಟಿ ಮದ್ರಾಸಿನ ಎಐ4ಭಾರತ್ ಗುಂಪೂ ಭಾರತೀಯ ಭಾಷೆಗಳಿಗಂತಲೇ ಮಾಡೆಲ್‌ಗಳನ್ನ ಬಿಟ್ಟಿದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ರೆ ನಮ್ಮ ಕಂಪ್ಯೂಟರಲ್ಲೇ ಓಡ್ಸಬಹುದು, ಆಡಿಯೋ ಆಫೀಸಿಂದ ಆಚೆ ಹೋಗಲ್ಲ, ಅದು ಸಣ್ಣ ಲಾಭ ಅಲ್ಲ, ಯಾಕಂದ್ರೆ ಅಂಗಡಿಯವ್ರು ಒಪ್ಪಿರೋದು ನಮಗೆ ಕೇಳೋಕೆ, ಎಲ್ಲಿಯದೋ ಸರ್ವರಿಗೆ ಕಳ್ಸೋಕೆ ಅಲ್ಲ. ಆಡಿಯೋದಲ್ಲಿ ಗಿರಾಕಿಗಳ ಹೆಸರು, ಯಾರು ಎಷ್ಟು ಸಾಲ ಅನ್ನೋದೆಲ್ಲಾ ಇರತ್ತೆ ನೋಡಿ.

```
whisper angadi4.m4a --language kn --model large-v3 --output_format srt
```

ಇಲ್ಲಿ `--language kn` ಬಿಡ್ಬೇಡಿ. ಬಿಟ್ರೆ ಅದು ಮೊದಲ 30 ಸೆಕೆಂಡ್ ಕೇಳಿ ಭಾಷೆ ಯಾವ್ದು ಅಂತ ತಾನೇ ತೀರ್ಮಾನ ಮಾಡತ್ತೆ. ನಾವು ಶುರುವಲ್ಲಿ ರೆಕಾರ್ಡಿಂಗ್ ಒಪ್ಪಿಗೆ ಬಗ್ಗೆ ಅರ್ಧ ಇಂಗ್ಲಿಷಲ್ಲಿ ಮಾತಾಡಿರ್ತೀವಿ, ಅದನ್ನ ಕೇಳಿ ಇಂಗ್ಲಿಷ್ ಅಂದ್ಕೊಂಡ್ರೆ ಮಿಕ್ಕ ಪೂರ್ತಿ ಫೈಲ್ ಹಾಳು. `--task translate` ಅಂತ ಹಾಕಿದ್ರೆ ನೇರ ಇಂಗ್ಲಿಷ್ ಕೊಡತ್ತೆ, ಟೀಮಲ್ಲಿ ಕನ್ನಡ ಬರದೇ ಇರೋರಿಗೆ ಅನುಕೂಲ ಅನ್ಸತ್ತೆ, ಆದ್ರೆ ಅದರಿಂದ ಕೋಟ್ ತೆಗೀಬೇಡಿ, ಅದು ಯಾರೂ ಆಡದೇ ಇರೋ ಮಾತು. ಮಾತು ನಿಂತು ಬರೀ ಸದ್ದಿರೋ ಜಾಗದಲ್ಲಿ ಯಾರೂ ಹೇಳದ ವಾಕ್ಯ ಹುಟ್ಟಿಸೋದು, ಒಂದೇ ಸಾಲನ್ನ ಹತ್ತು ಸಲ ಬರೆಯೋದು, ಇವೆರಡೂ ಈ ಥರದ ಮಾಡೆಲ್‌ಗಳ ಗೊತ್ತಿರೋ ಗುಣ. ಅಂಗಡಿ ರೆಕಾರ್ಡಿಂಗಲ್ಲಿ ಅಂಥಾ ಜಾಗ ತುಂಬಾ, ಗಿರಾಕಿ ಬಂದ್ರು, ಅಂಗಡಿಯವ್ರು ಒಳಗೆ ಹೋಗಿ ಬೇಳೆ ತೂಗಿ ಬಂದ್ರು, ಅಷ್ಟು ಹೊತ್ತೂ ಬರೀ ತಕ್ಕಡಿ ಸದ್ದು.

ಅದಕ್ಕಿಂತ ಅಪಾಯ ಕನ್ನಡದ ಕ್ರಿಯಾಪದದ ಬಾಲದಲ್ಲಿದೆ. ಇದನ್ನ ನಿಧಾನಕ್ಕೆ ಓದಿ, ಈ ಕೆಲಸದಲ್ಲಿ ನಾನು ಕಲ್ತಿದ್ರಲ್ಲಿ ಇದೇ ದೊಡ್ಡದು. "ಹಾಕ್ತೀನಲ್ಲ" ಅಂದ್ರೆ ಹಾಕ್ತೀನಿ ಅಂತಲೇ, ಒತ್ತಿ ಹೇಳ್ತಿದಾರೆ. "ಹಾಕಲ್ಲ" ಅಂದ್ರೆ ಹಾಕೋದೇ ಇಲ್ಲ. ಬೇಗ ಬೇಗ ಮಾತಾಡೋರ ಬಾಯಲ್ಲಿ ಮಧ್ಯದ ಅಕ್ಷರ ನುಂಗಿಹೋಗಿರತ್ತೆ, ಮಷೀನ್ ಅದನ್ನ ಬಿಟ್ರೆ ಅರ್ಥ ಪೂರ್ತಿ ಉಲ್ಟಾ. ಇನ್ನೊಂದು "ಅಂತೆ". "ಕಷ್ಟ ಆಗತ್ತೆ" ಅಂದ್ರೆ ತನಗೇ ಆಗ್ತಿರೋದು, "ಕಷ್ಟ ಆಗತ್ತಂತೆ" ಅಂದ್ರೆ ಯಾರೋ ಹೇಳಿದ್ದು, ತಾನು ಕೇಳಿದ್ದು. ಆ ಒಂದು "ಅಂತೆ" ಬಿದ್ದುಹೋದ್ರೆ ಕೇಳಿದ ಮಾತು ಅನುಭವ ಆಗ್ಬಿಡತ್ತೆ. ಇಂಗ್ಲಿಷಿಗೆ ತಿರುಗಿಸೋವಾಗ ಇವೆರಡೂ ಮೊದಲು ಮಾಯ ಆಗೋದು, ಮನುಷ್ಯರು ಅನುವಾದ ಮಾಡಿದ್ರೂ ಅಷ್ಟೇ.

ಇದು ಬರೀ ಭಯ ಅಲ್ಲ, ನಮಗೆ ಆಗಿದ್ದನ್ನೇ ಹೇಳ್ತೀನಿ. ನಾಲ್ಕನೇ ಅಂಗಡಿ, ಶ್ರೀರಾಂಪುರದಲ್ಲಿ. ಹೊತ್ತು ಉಳಿಸೋಣ ಅಂತ ಆ ಸಲ ಮೊದ್ಲು ಒಂದು ಆಟೋಮ್ಯಾಟಿಕ್ ಟೂಲಲ್ಲಿ ಟ್ರಾನ್ಸ್‌ಕ್ರಿಪ್ಟ್ ತೆಗ್ದಿದ್ವಿ. 12:40ರಲ್ಲಿ ನಾನು "ಎಂಟ್ರಿ ಹಾಕೋಕೆ ಏನಾದ್ರೂ ಕಷ್ಟ ಆಗ್ತಿದ್ಯಾ ಅಣ್ಣ" ಅಂತ ಕೇಳಿದೀನಿ, "ಇಲ್ಲ ಮೇಡಂ, ಚೆನ್ನಾಗೇ ಇದೆ, ಪರ್ವಾಗಿಲ್ಲ" ಅಂದಿದಾರೆ. ಟ್ರಾನ್ಸ್‌ಕ್ರಿಪ್ಟಲ್ಲಿ ಇದು ಸರಿಯಾಗೇ ಬಂದಿತ್ತು. 31ನೇ ನಿಮಿಷದ ಹತ್ರ "ತಿಂಗಳ ಕೊನೆಗೆ ಒಂದೇ ಸಲ ಹಾಕಲ್ಲ" ಅಂತ ಒಂದು ಸಾಲು ಇತ್ತು. ನಮ್ಮ ಜೊತೆಗಿದ್ದ ಡಿಸೈನರ್ ಇದನ್ನ ಓದಿ ಇವ್ರು ಆಪ್ ಬಿಟ್ಟೇಬಿಟ್ಟಿದಾರೆ ಅಂತ ಗುರುತು ಹಾಕಿದ್ರು. ಎಂಟ್ರಿ ಕಮ್ಮಿ ಇರೋದು ನಮ್ಮ ಲೆಕ್ಕದಲ್ಲೂ ಕಾಣ್ತಿತ್ತು, ಎರಡೂ ಹೊಂದ್ಕೊಂಡ್ವು, ಎಂಟ್ರಿ ಹಾಕೋಕೆ ಹೆಜ್ಜೆ ಜಾಸ್ತಿ ಆಗಿದೆ ಅಂತ ತೀರ್ಮಾನ ಆಗಿ ವಾಯ್ಸ್ ಎಂಟ್ರಿ ಸ್ಕೆಚ್ ಕೂಡ ಶುರು ಆಗಿತ್ತು.

ಆಮೇಲೆ ನಾನು ಆಡಿಯೋ ಕೂತು ಕೇಳಿದೆ. 30:50ಕ್ಕೆ ಒಬ್ರು ಹೆಂಗಸು ಬಂದು "ಅಣ್ಣ, ಲೆಕ್ಕಕ್ಕೆ ಬರ್ಕೊಳಿ" ಅಂತಾರೆ. ಟ್ರಾನ್ಸ್‌ಕ್ರಿಪ್ಟಲ್ಲಿ ಈ ಮಾತೂ ಅಂಗಡಿಯವರದ್ದೇ ಅಂತ ಸೇರ್ಕೊಂಡಿತ್ತು. ಆಮೇಲೆ ಪುಸ್ತಕ ಎಳ್ದ ಸದ್ದು, ಪೆನ್ನಿನ ಟಕ್ ಅನ್ನೋ ಸದ್ದು. ಫೋನ್ ಅಲ್ಲೇ ಗಲ್ಲಾಪೆಟ್ಟಿಗೆ ಮೇಲಿತ್ತು, ನಂಗೆ ನೆನಪಿದೆ. ಆ ಹೆಂಗಸು ಹೋದ್ಮೇಲೆ ನಾನು ಕೇಳಿದ್ದಕ್ಕೆ ಅಂಗಡಿಯವ್ರಂದಿದ್ದು ಪೂರ್ತಿ ಹೀಗಿತ್ತು: "ಇಲ್ಲಿ ಬರ್ಕೊಂಡ್ರೆ ಸುಮ್ನಿರ್ತಾರೆ ಮೇಡಂ. ಫೋನಲ್ಲಿ ಹಾಕಿದ ತಕ್ಷಣ ಅವ್ರ ಯಜಮಾನ್ರಿಗೆ ಮೆಸೇಜ್ ಹೋಗತ್ತೆ, ನೂರಿಪ್ಪತ್ತು ರೂಪಾಯಿಗೆ ಮನೇಲಿ ಮಾತು ಕೇಳ್ಬೇಕಾಗತ್ತಂತೆ. ಅದಕ್ಕೆ ತಿಂಗಳ ಕೊನೆಗೆ ಒಂದೇ ಸಲ ಹಾಕ್ತೀನಲ್ಲ."

ಅವ್ರು ಆಪ್ ಬಿಟ್ಟಿರ್ಲಿಲ್ಲ. ಎಂಟ್ರಿ ಹಾಕೋದು ಅವರಿಗೆ ಕಷ್ಟನೂ ಆಗಿರ್ಲಿಲ್ಲ, 12:40ರಲ್ಲಿ ಹೇಳಿದ್ದು ನಿಜನೇ. ಅಡ್ಡ ಬರ್ತಿದ್ದಿದ್ದು ಪ್ರತಿ ಎಂಟ್ರಿಗೂ ತಕ್ಷಣ ಹೋಗೋ ಮೆಸೇಜು. ಅದಕ್ಕೆ ಅವ್ರು ತಿಂಗಳು ಪೂರ್ತಿ ಪುಸ್ತಕದಲ್ಲಿ ಬರ್ದು, ಕೊನೆಗೆ ಒಂದೇ ಎಂಟ್ರಿ ಹಾಕಿ, ಒಂದೇ ಮೆಸೇಜ್ ಹೋಗೋ ಹಾಗೆ ನೋಡ್ಕೋತಿದ್ರು. ವಾಯ್ಸ್ ಎಂಟ್ರಿ ಮಾಡಿ ಕೊಟ್ಟಿದ್ರೂ ಇವ್ರು ಅದನ್ನ ಮುಟ್ತಾ ಇರ್ಲಿಲ್ಲ.

ಶೀಟಲ್ಲಿ ಇದು ಒಂದು ಸಾಲಾಗಿ ಹೇಗೆ ಕೂತಿತು ಅಂದ್ರೆ, ಮೊದಲು ಅಂಗಡಿ 4, ಹೊತ್ತು 30:50, ಆಮೇಲೆ ನಾನು ಕೇಳಿದ ಪ್ರಶ್ನೆ, ಆಮೇಲೆ ಅವ್ರ ಮಾತು ಕನ್ನಡದಲ್ಲೇ ಇದ್ದ ಹಾಗೆ, ಕೆಳಗೆ ಕನ್ನಡ ಬರದವರಿಗೆ ಇಂಗ್ಲಿಷ್ ಅರ್ಥ. ಮುಂದಿನ ಕಾಲಮ್ ನಮ್ಮ ಮಾತಲ್ಲಿ ತೊಂದ್ರೆ: ಗಿರಾಕಿ ಎದುರಿಗೆ ಎಂಟ್ರಿ ಹಾಕಿದ್ರೆ ಮನೆಗೆ ತಕ್ಷಣ ಮೆಸೇಜ್ ಹೋಗತ್ತೆ, ಅದನ್ನ ತಪ್ಪಿಸೋಕೆ ಪುಸ್ತಕದಲ್ಲಿ ಬರ್ದು ತಿಂಗಳಿಗೊಂದೇ ಎಂಟ್ರಿ. ಕೊನೇ ಕಾಲಮ್ ಸ್ವಂತದ್ದಾ ಕೇಳಿದ್ದಾ ಅಂತ. ಇಲ್ಲಿ ಎರಡೂ ಇದೆ, ತಿಂಗಳಿಗೊಂದೇ ಎಂಟ್ರಿ ಹಾಕೋದು ಅವ್ರೇ ಮಾಡ್ತಿರೋದು, ಆದ್ರೆ ಮನೇಲಿ ಮಾತು ಕೇಳ್ಬೇಕಾಗೋದು "ಅಂತೆ". ಅದನ್ನ ನಾವು ಸತ್ಯ ಅಂತ ಸ್ಲೈಡಿಗೆ ಹಾಕೋ ಹಾಗಿಲ್ಲ, ಗಿರಾಕಿಗಳನ್ನೇ ಕೇಳ್ಬೇಕು ಅಂತ ಪಕ್ಕದಲ್ಲಿ ಬರ್ದ್ವಿ.

ಪ್ರಶ್ನೆ ಕಾಲಮ್ ಯಾಕೆ ಅಂತ ಬಹಳ ಜನ ಕೇಳ್ತಾರೆ. "ಮೆಸೇಜ್ ಹೋದ್ರೆ ಮುಜುಗರ ಆಗಲ್ವಾ?" ಅಂತ ನಾವೇ ಕೇಳಿ "ಹೌದು ಆಗತ್ತೆ" ಅಂತ ಬಂದ್ರೆ ಅದು ನಮ್ಮ ಮಾತು, ಅವರದ್ದಲ್ಲ. ಪ್ರಶ್ನೆ ಪಕ್ಕದಲ್ಲಿ ಇಲ್ದಿದ್ರೆ ಎರಡು ವಾರ ಆದ್ಮೇಲೆ ಯಾರಿಗೂ ಗೊತ್ತಾಗಲ್ಲ. ಈ ಮೆಸೇಜ್ ವಿಷ್ಯ 8ರಲ್ಲಿ 4 ಅಂಗಡೀಲಿ ಬಂದಿತ್ತು, ಆದ್ರೆ ಒಂದು ಕಡೆ ನಾನೇ ಆ ಮಾತನ್ನ ಅವ್ರ ಬಾಯಿಗೆ ಹಾಕಿದ್ದೆ, ಅದನ್ನ ತೆಗ್ದು 3 ಅಂತ ಬರ್ದೆ. "8ರಲ್ಲಿ 3" ಅಂತಲೇ ಬರೀರಿ, 37.5 ಪರ್ಸೆಂಟ್ ಅಂತ ಬರೀಬೇಡಿ. ಎಂಟು ಜನರ ಮೇಲೆ ಪರ್ಸೆಂಟ್ ಹಾಕಿದ್ರೆ ಓದೋರು ಬೆಂಗಳೂರಿನ ಎಲ್ಲಾ ಅಂಗಡಿಯವ್ರ ಬಗ್ಗೆ ಅಂದ್ಕೋತಾರೆ.

ಟ್ರಾನ್ಸ್‌ಕ್ರಿಪ್ಟನ್ನ ಭಾಷಾ ಮಾಡೆಲಿಗೆ ಹಾಕಿ "ಪೇನ್ ಪಾಯಿಂಟ್, ಕೋಟ್ ತೆಗ್ದು ಕೊಡು" ಅನ್ನೋ ದಾರಿನೂ ಈಗ ಇದೆ. ಮೇಲಿನ ಕತೇಲೇ ಅದರ ಮಿತಿ ಗೊತ್ತಾಗತ್ತೆ, ಟ್ರಾನ್ಸ್‌ಕ್ರಿಪ್ಟಲ್ಲಿ "ಹಾಕಲ್ಲ" ಅಂತ ಇದ್ರೆ ಅದು "ಹಾಕಲ್ಲ" ಅಂತಲೇ ನಂಬಿ ಮುಂದೆ ಹೋಗತ್ತೆ, ಪುಸ್ತಕ ಎಳ್ದ ಸದ್ದು ಅದಕ್ಕೆ ಕೇಳಿಸಿರೋದೇ ಇಲ್ಲ. ಕೋಟನ್ನೂ ನುಣುಪು ಮಾಡಿ, ಎರಡು ಕಡೆ ಹೇಳಿದ್ದನ್ನ ಒಂದು ವಾಕ್ಯ ಮಾಡಿ ಕೊಡಬಹುದು. ಬಳಸೋದಿದ್ರೆ ಪ್ರತಿ ಕೋಟನ್ನೂ ಟ್ರಾನ್ಸ್‌ಕ್ರಿಪ್ಟಲ್ಲಿ `Ctrl+F` ಹಾಕಿ ಹುಡ್ಕಿ, ಅಕ್ಷರಕ್ಕೆ ಅಕ್ಷರ ಸಿಕ್ದಿದ್ರೆ ಬಿಸಾಕಿ, ಸಿಕ್ರೆ ಆ ಹೊತ್ತಿಗೆ ಹೋಗಿ ಆಡಿಯೋ ಕೇಳಿ. ಐವತ್ತು ಇಂಟರ್ವ್ಯೂ ಇದ್ದಾಗ ಯಾವ ವಿಷ್ಯ ಎಲ್ಲೆಲ್ಲಿ ಬಂದಿದೆ ಅಂತ ಗುಂಪು ಹಾಕೋಕೆ ಕೆಲಸಕ್ಕೆ ಬರತ್ತೆ, ಎಂಟಕ್ಕೆ ಅದರ ಪರೀಕ್ಷೆ ಮಾಡೋ ಹೊತ್ತಲ್ಲಿ ನೀವೇ ಕೇಳಿ ಮುಗ್ಸಿರ್ತೀರ.

ಹಾಗಾದ್ರೆ ಯಾವುದು ಆರ್ಸೋದು? ಕನ್ನಡದ ಇಂಟರ್ವ್ಯೂ ಹತ್ತರ ಒಳಗೆ ಇದ್ರೆ ನನ್ನ ಓಟು ಮೊದಲನೇ ದಾರಿಗೆ, ಎರಡು ಯೋಚನೆ ಇಲ್ಲ, ಮಷೀನ್ ಟ್ರಾನ್ಸ್‌ಕ್ರಿಪ್ಟನ್ನ ಪಕ್ಕದಲ್ಲಿ ಇಟ್ಕೊಳ್ಳಿ, ಆದ್ರೆ ಹುಡುಕೋ ಸೂಚಿ ಥರ ಮಾತ್ರ. "ಎರಡನೇಯವ್ರೂ ಮೆಸೇಜ್ ಬಗ್ಗೆ ಏನೋ ಅಂದಿದ್ರಲ್ಲ" ಅನ್ನಿಸಿದಾಗ ಅದರಲ್ಲಿ "ಮೆಸೇಜ್" ಅಂತ ಹುಡ್ಕಿದ್ರೆ ಹೊತ್ತು ಸಿಗತ್ತೆ, ಮೊದಲನೇ ದಾರಿಯ ಆ ಒಂದು ಕೊರತೆ ಅಲ್ಲಿಗೆ ತುಂಬ್ಕೊಳ್ಳತ್ತೆ. ಅಷ್ಟಕ್ಕೆ ಟ್ರಾನ್ಸ್‌ಕ್ರಿಪ್ಟ್ ಅಕ್ಷರ ತಪ್ಪಿದ್ರೂ ನಡಿಯತ್ತೆ. ಹುಡುಕೋವಾಗ ಒಂದೇ ಪದ ನೆಚ್ಕೋಬೇಡಿ, ಹಾವೇರಿ ಕಡೆಯಿಂದ ಬಂದಿದ್ದ ಒಬ್ರು ಇಡೀ ಇಂಟರ್ವ್ಯೂಲಿ "ಉದ್ರಿ" ಅಂದ್ರು, ಹನುಮಂತನಗರದವ್ರು "ಲೆಕ್ಕಕ್ಕೆ" ಅಂದ್ರು, "ಸಾಲ" ಅಂತ ಹುಡ್ಕಿದ್ರೆ ಇಬ್ರೂ ಸಿಗಲ್ಲ. ಇಂಟರ್ವ್ಯೂ 20 ದಾಟಿದ್ರೆ ಮಷೀನಿಂದ ಶುರು ಮಾಡಿ, ಆದ್ರೆ ಮೊದಲ ಐದನ್ನ ಕಿವಿಯಿಂದಲೇ ಕೇಳಿ ಯಾವ ಯಾವ ತೊಂದ್ರೆ ಹುಡುಕ್ಬೇಕು ಅನ್ನೋ ಪಟ್ಟಿ ಮಾಡ್ಕೊಂಡು ಆಮೇಲೆ ಮಿಕ್ಕಿದ್ದಕ್ಕೆ ಹೋಗಿ. ಮಷೀನ್ ಎಷ್ಟು ನಂಬಬಹುದು ಅಂತ ನೋಡೋಕೆ ಒಂದು ಫೈಲಲ್ಲಿ ಯಾವ್ದಾದ್ರೂ 5 ನಿಮಿಷ ತಗೊಂಡು, ಅದರಲ್ಲಿರೋ "ಅಲ್ಲ", "ಇಲ್ಲ", "ಅಂತೆ" ಎಲ್ಲಾ ಆಡಿಯೋ ಜೊತೆ ತಾಳೆ ನೋಡಿ. ಅಲ್ಲಿ ಎರಡು ತಪ್ಪಿದ್ರೂ ಆ ಫೈಲಿಂದ ಕೇಳದೆ ಏನನ್ನೂ ಎತ್ಬೇಡಿ.

ಯಾವ ದಾರಿ ಹಿಡಿದ್ರೂ ಕೊನೆಗೆ ಸ್ಲೈಡಿಗೆ ಹೋಗೋ ಐದಾರು ಕೋಟ್‌ಗಳಿಗೆ ಆಡಿಯೋ ತುಣುಕು ಕತ್ತರಿಸಿ ಇಡಿ:

```
ffmpeg -ss 00:30:50 -i angadi4.m4a -t 50 -c copy angadi4_3050.m4a
```

ಇದು 30:50ರಿಂದ 50 ಸೆಕೆಂಡ್ ಮಾತ್ರ ತೆಗ್ದು ಬೇರೆ ಫೈಲ್ ಮಾಡತ್ತೆ. ಮಾತು ಶುರು ಆಗೋ ಜಾಗದಿಂದ ಅಲ್ಲ, ಸ್ವಲ್ಪ ಹಿಂದಿಂದ ಕತ್ತರಿಸಿ, ಏನಾದ್ಮೇಲೆ ಅವ್ರು ಹಾಗಂದ್ರು ಅನ್ನೋದು ಕೇಳ್ಬೇಕು. ಗಿರಾಕಿ ಹೆಸರು ಬಂದಿದ್ರೆ ಆ ತುಣುಕು ಹಾಕ್ಬೇಡಿ, ಇಲ್ಲಾ ಆ ಕ್ಷಣದ ದನಿ ಅಳಿಸಿ. ನಾವು ಈ ತುಣುಕನ್ನ ಮೀಟಿಂಗಲ್ಲಿ ಹಾಕಿದಾಗ ಕನ್ನಡ ಬರದ ಇಬ್ರು ಇಂಜಿನಿಯರ್‌ಗಳಿದ್ರು. ಅನುವಾದ ಓದೋಕೆ ಮುಂಚೆನೇ ಒಬ್ರು "ಅದೇನು ಸದ್ದು?" ಅಂತ ಕೇಳಿದ್ರು. ಪುಸ್ತಕ, ಅಂದೆ. ಆ ವಾರವೇ ವಾಯ್ಸ್ ಎಂಟ್ರಿ ಸ್ಕೆಚ್ ಪಕ್ಕಕ್ಕಿಟ್ಟು, ಮೆಸೇಜ್ ಯಾವಾಗ ಹೋಗ್ಬೇಕು ಅನ್ನೋದನ್ನ ಅಂಗಡಿಯವ್ರೇ ಆರ್ಸೋ ಸ್ಕ್ರೀನ್ ಬರಿಯೋಕೆ ಶುರು ಮಾಡಿದ್ವಿ.